ಬೆವರಿನ ಲೆಕ್ಕ ಹಿಡಿದವರಿಗೆ ಒಂದು ಉತ್ತರ

ಕುರ್ಚಿಯಲ್ಲಿ ಕೂತು ದುಡಿಯುವವರಿಗೆ ಬೊಜ್ಜು ಇಳಿಸಲು ನಾನು ಹೇಳುವ ಕ್ರಮ ಇಷ್ಟೇ: ವಾರಕ್ಕೆ ಎರಡು ಸಲ 35 ನಿಮಿಷ ತೂಕ ಎತ್ತುವುದು, ದಿನಕ್ಕೆ ಸುಮಾರು 7,500 ಹೆಜ್ಜೆ ನಡೆಯುವುದು, ಊಟದಲ್ಲಿ 300 ಕ್ಯಾಲೊರಿಯಷ್ಟು ಕಡಿಮೆ ಮಾಡುವುದು, ನಿದ್ದೆಗೆ ಕತ್ತರಿ ಹಾಕದಿರುವುದು. ಇದಕ್ಕೆ ಎದುರಾಗುವವರು ಒಂದೇ ಗುಂಪಿನವರಲ್ಲ. ಜಿಮ್ಮಿನ ತರಬೇತುದಾರರಿಗೆ ಇದು ಸಾಲದು. ಮನೆಯ ಹಿರಿಯರಿಗೆ, ಅದರಲ್ಲೂ ತೂಕ ಎತ್ತುವವಳು ಹೆಂಗಸಾದರೆ, ಇದು ಅತಿಯಾಯಿತು. ಊಟ ಬಿಟ್ಟು ಸಣ್ಣಗಾಗುವವರಿಗೆ ಇದರ ಅಗತ್ಯವೇ ಕಾಣದು. ಅವರವರ ಮಾತನ್ನು ಅವರು ಹೇಳುವ ರೀತಿಯಲ್ಲೇ ಎತ್ತಿಕೊಂಡು ಉತ್ತರ ಕೊಡುತ್ತೇನೆ. ಯಾರ ಮಾತು ನಿಲ್ಲುತ್ತದೆ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಒಬ್ಬ ಹೆಂಗಸು: ಕೆಂಗೇರಿಯಲ್ಲಿ ಮನೆ, ಜಯನಗರದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ, ಮೆಟ್ರೊದಲ್ಲಿ ಓಡಾಟ. ವಯಸ್ಸು 41, ಎತ್ತರ 156 ಸೆಂಟಿಮೀಟರ್, ತೂಕ 72 ಕಿಲೊ, ಸೊಂಟದ ಸುತ್ತಳತೆ 92 ಸೆಂಟಿಮೀಟರ್. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಬೊಜ್ಜು ಅಪಾಯದ ಕಡೆ ಹೊರಟಿದೆ ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಇಬ್ಬರು ಮಕ್ಕಳು, ಅಡುಗೆ, ಡಬ್ಬಿ ಕಟ್ಟುವುದು, ತಿಂಗಳು ತಿಂಗಳೂ ಜಿಎಸ್‌ಟಿ ಫೈಲಿಂಗ್. ದಿನಕ್ಕೆ ಈಗ ನಡೆಯುವುದು 3,000 ಹೆಜ್ಜೆ. ಇವರಂಥವರು ಊರು ತುಂಬ ಇದ್ದಾರೆ. ನನ್ನ ಕ್ರಮ ಅವರಿಗಾಗಿ. ಸಂಜೆ ಎರಡು ಗಂಟೆ ಬಿಡುವಿರುವ ಇಪ್ಪತ್ತೈದರ ಹುಡುಗನಿಗಲ್ಲ.

ಮೊದಲ ಆಕ್ಷೇಪ ಜಿಮ್ಮಿನವರದು. "ವಾರಕ್ಕೆ ಎರಡು ಸಲ ಡಂಬೆಲ್ ಎತ್ತಿದರೆ ಏನು ಕರಗುತ್ತದೆ? ದಿನಾ ಒಂದು ಗಂಟೆ ಟ್ರೆಡ್‌ಮಿಲ್ ಮೇಲೆ ಬೆವರು ಹರಿಯಬೇಕು." ಮಾತಿನ ಮೊದಲ ಅರ್ಧ ನಿಜ. 35 ನಿಮಿಷ ತೂಕ ಎತ್ತಿದರೆ ನಮ್ಮ ಉದಾಹರಣೆಯ ಹೆಂಗಸಿಗೆ ಹೆಚ್ಚುವರಿಯಾಗಿ ಖರ್ಚಾಗುವುದು ನೂರರ ಆಸುಪಾಸಿನ ಕ್ಯಾಲೊರಿ. ವಾರಕ್ಕೆ 200. ಇದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ, ಏಕೆಂದರೆ ತೂಕ ಎತ್ತುವುದು ಕ್ಯಾಲೊರಿ ಸುಡಲು ಎಂದು ನಾನು ಎಲ್ಲೂ ಹೇಳಿಲ್ಲ. ಕಡಿಮೆ ತಿಂದಾಗ ದೇಹ ಕೊರತೆಯನ್ನು ಎಲ್ಲಿಂದಲೋ ತುಂಬಿಕೊಳ್ಳಬೇಕು. ಕೊಬ್ಬಿನಿಂದಲೂ ತೆಗೆಯುತ್ತದೆ, ಮಾಂಸಖಂಡದಿಂದಲೂ ತೆಗೆಯುತ್ತದೆ. ಮಾಂಸಖಂಡಕ್ಕೆ ಕೆಲಸ ಕೊಡುತ್ತಿದ್ದರೆ ಅದನ್ನು ಬಹುಮಟ್ಟಿಗೆ ಉಳಿಸಿ, ಕೊಬ್ಬಿನ ಮೇಲೆ ಹೆಚ್ಚು ಕೈಹಾಕುತ್ತದೆ. ಏನು ಕರಗಬೇಕು, ಏನು ಉಳಿಯಬೇಕು ಎಂಬುದನ್ನು ತೀರ್ಮಾನಿಸುವುದು ಡಂಬೆಲ್‌ನ ಕೆಲಸ. ಆ ಕೆಲಸವನ್ನು ಟ್ರೆಡ್‌ಮಿಲ್ಲಿನ ಪರದೆಯ ಅಂಕಿಯಲ್ಲಿ ಅಳೆಯುವುದು ಮೂಲದಲ್ಲೇ ತಪ್ಪು.

ಇದು ಬರೀ ವಾದವಲ್ಲ. ಅಮೆರಿಕದಲ್ಲಿ ಬೊಜ್ಜಿದ್ದ 65 ದಾಟಿದ 160 ಜನರನ್ನು ಆರು ತಿಂಗಳು ಗಮನಿಸಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಊಟ ಕಡಿಮೆ ಮಾಡಿಸಿ, ಒಂದು ಗುಂಪಿಗೆ ನಡಿಗೆ-ಸೈಕಲ್ ಮಾದರಿಯ ವ್ಯಾಯಾಮ, ಇನ್ನೊಂದಕ್ಕೆ ತೂಕ ಎತ್ತುವುದು, ಮೂರನೆಯದಕ್ಕೆ ಎರಡನ್ನೂ ಕೊಟ್ಟರು. ಮೂರೂ ಗುಂಪಿನಲ್ಲಿ ತೂಕ ಇಳಿದದ್ದು ಒಂದೇ ಸಮ, ಶೇಕಡಾ 9ರಷ್ಟು. ಆದರೆ ಕೊಬ್ಬು ಬಿಟ್ಟು ಉಳಿದ ದೇಹಭಾಗ ಕರಗಿದ್ದು ಮೊದಲ ಗುಂಪಿನಲ್ಲಿ ಶೇಕಡಾ 5, ತೂಕ ಎತ್ತಿದವರಲ್ಲಿ 2, ಎರಡನ್ನೂ ಮಾಡಿದವರಲ್ಲಿ 3. ವಯಸ್ಸಾದವರ ಅಧ್ಯಯನ ಅದು, ನಲವತ್ತರವರಿಗೆ ಅಂಕಿ ಹಾಗೆಯೇ ಹೊಂದಬೇಕಿಲ್ಲ. ದಿಕ್ಕು ಮಾತ್ರ ಸ್ಪಷ್ಟ. ತಕ್ಕಡಿಯ ಮುಳ್ಳು ಮೂವರಿಗೂ ಒಂದನ್ನೇ ತೋರಿಸಿತು, ಒಳಗೆ ನಡೆದದ್ದು ಬೇರೆ ಬೇರೆ.

ಇನ್ನು ಇದೇ ಜನರ ಎರಡನೆಯ ಮಾತನ್ನು ಮೊದಲನೆಯದರ ಪಕ್ಕದಲ್ಲಿಟ್ಟು ನೋಡಿ. ಒಂದು ಕಡೆ "ತೂಕ ಎತ್ತಿದರೆ ಏನೂ ಸುಡುವುದಿಲ್ಲ" ಎನ್ನುತ್ತಾರೆ. ವರ್ಷದ ಪ್ಯಾಕೇಜ್ ಮಾರುವಾಗ "ಮಸಲ್ ಬೆಳೆದರೆ ನಿದ್ದೆಯಲ್ಲೂ ಕೊಬ್ಬು ಉರಿಯುತ್ತಿರುತ್ತದೆ" ಎನ್ನುತ್ತಾರೆ. ಒಂದು ಕಿಲೊ ಮಾಂಸಖಂಡ ಸುಮ್ಮನಿರುವಾಗ ದಿನಕ್ಕೆ ಬಳಸುವುದು ಸುಮಾರು 13 ಕ್ಯಾಲೊರಿ, ಒಂದು ಕಿಲೊ ಕೊಬ್ಬು 4ರಿಂದ 5. ಎರಡು ಕಿಲೊ ಮಾಂಸಖಂಡ ಬೆಳೆಸಲು ತಿಂಗಳುಗಟ್ಟಲೆ ಬೇಕು. ಬೆಳೆಸಿದರೂ ಸಿಗುವುದು ದಿನಕ್ಕೆ 26 ಕ್ಯಾಲೊರಿ, ಅಂದರೆ ಚಹಾಕ್ಕೆ ಹಾಕುವ ಒಂದೂವರೆ ಚಮಚ ಸಕ್ಕರೆ. ಅವರ ಎರಡು ಮಾತುಗಳೂ ಒಟ್ಟಿಗೆ ನಿಜವಾಗಲಾರವು, ಎರಡನೆಯದಂತೂ ಒಂಟಿಯಾಗಿಯೂ ನಿಲ್ಲುವುದಿಲ್ಲ.

"ಸರಿ, ಆದರೂ 35 ನಿಮಿಷದಲ್ಲಿ ಮೈಯ ಎಲ್ಲ ಭಾಗಕ್ಕೂ ಕೆಲಸ ಕೊಡಲು ಆಗುವುದಿಲ್ಲ" ಎಂಬ ಮಾತು ಇದರ ಬೆನ್ನಿಗೇ ಬರುತ್ತದೆ. ಆಗುತ್ತದೆ, ಹೇಗೆಂದು ಹೇಳುತ್ತೇನೆ. ಪ್ಲೇಟ್ ಬದಲಿಸಬಹುದಾದ ಒಂದು ಜೊತೆ ಡಂಬೆಲ್ ಸಾಕು. ಎರಡೂ ದಿನ ಅವೇ ನಾಲ್ಕು ಚಲನೆ. ಡಂಬೆಲ್ ಒಂದನ್ನು ಎದೆಗೆ ಅವುಚಿಕೊಂಡು ಬಸ್ಕಿ. ಒಂದು ಕೈಯನ್ನು ಕುರ್ಚಿಗೆ ಊರಿ ಇನ್ನೊಂದರಿಂದ ಡಂಬೆಲನ್ನು ಸೊಂಟದ ಕಡೆಗೆ ಎಳೆಯುವುದು. ಎರಡು ಡಂಬೆಲ್ ಹಿಡಿದು, ಬೆನ್ನು ನೇರವಾಗಿಟ್ಟು, ಕುಂಡಿಯನ್ನು ಹಿಂದಕ್ಕೆ ತಳ್ಳುತ್ತ ಮೊಣಕಾಲಿನ ಕೆಳಗಿನವರೆಗೆ ಬಾಗಿ ಏಳುವುದು. ಮಂಚದ ಅಂಚಿಗೆ ಕೈಯೂರಿ ದಂಡ. ಇವನ್ನು ಜೋಡಿ ಮಾಡಿ. ಬಸ್ಕಿಯ ಒಂದು ಸೆಟ್ ಮುಗಿಸಿ ಮುಕ್ಕಾಲು ನಿಮಿಷ ಸುಧಾರಿಸಿಕೊಂಡು ಎಳೆಯುವ ಸೆಟ್, ಮತ್ತೆ ಒಂದು ನಿಮಿಷ ಬಿಟ್ಟು ಬಸ್ಕಿ. ಕಾಲು ದುಡಿಯುವಾಗ ಬೆನ್ನು ವಿಶ್ರಾಂತಿ ಪಡೆಯುತ್ತದೆ, ಬೆನ್ನು ದುಡಿಯುವಾಗ ಕಾಲು. ಒಂದು ಸುತ್ತಿಗೆ ಮೂರೂವರೆ ನಿಮಿಷ, ಮೂರು ಸುತ್ತಿಗೆ ಹತ್ತೂವರೆ. ಎರಡು ಜೋಡಿಗೆ 21. ಮೈ ಬೆಚ್ಚಗಾಗಲು ಐದು ನಿಮಿಷ, ಪ್ಲೇಟ್ ಬದಲಿಸಲು, ನೀರು ಕುಡಿಯಲು, ನಡುವೆ ಮಗು ಬಂದು ಏನೋ ಕೇಳಿದ್ದಕ್ಕೆ ಉತ್ತರಿಸಲು ಉಳಿದದ್ದು. ಒಂದೇ ಯಂತ್ರದ ಮುಂದೆ ಕೂತು ಫೋನ್ ನೋಡುತ್ತ ಸರದಿ ಕಾಯುವ ಒಂದು ಗಂಟೆಯಲ್ಲಿ ಇದಕ್ಕಿಂತ ಹೆಚ್ಚು ಕೆಲಸ ನಡೆಯುತ್ತದೆ ಎಂದು ಯಾರೂ ಎದೆ ಮುಟ್ಟಿ ಹೇಳಲಾರರು.

ಎಷ್ಟು ತೂಕ ಎಂಬುದೇ ಇದರಲ್ಲಿ ಮುಖ್ಯ. ಒಂದು ಸೆಟ್‌ನಲ್ಲಿ 8ರಿಂದ 12 ಸಲ ಎತ್ತುವಂತಿರಬೇಕು. ನಿಲ್ಲಿಸಿದಾಗ "ಇನ್ನೆರಡು ಸಲ ಆಗುತ್ತಿತ್ತು, ಮೂರನೆಯದು ಆಗುತ್ತಿರಲಿಲ್ಲ" ಅನ್ನಿಸಬೇಕು. ಹತ್ತು ಸಲ ಎತ್ತಿ ಇನ್ನೂ ಇಪ್ಪತ್ತು ಎತ್ತಬಲ್ಲೆ ಎಂದಾದರೆ ಅದು ಮಾಂಸಖಂಡಕ್ಕೆ ಯಾವ ಸಂದೇಶವನ್ನೂ ಕೊಡದ ಕೈಚಾಲನೆ. ಮೂರು ಸೆಟ್‌ನಲ್ಲೂ 12 ಮುಟ್ಟಿದ ವಾರದ ಮುಂದಿನ ಸಲ ಸಿಗುವ ಸಣ್ಣ ಪ್ಲೇಟ್ ಸೇರಿಸಬೇಕು. ಇದನ್ನು ನೆನಪಿಗೆ ಬಿಡದೆ ನೋಟ್‌ಪುಸ್ತಕದಲ್ಲಿ ಬರೆಯಬೇಕು: ತಾರೀಖು, ತೂಕ, ಸಲ. ಬಸ್ಕಿಯಲ್ಲಿ ಮೊಣಕಾಲು ಒಳಕ್ಕೆ ವಾಲಿದರೆ, ಬಾಗಿ ಏಳುವಾಗ ನಡು ಬಿಲ್ಲಿನಂತೆ ಬಗ್ಗಿದರೆ ತೂಕ ಹೆಚ್ಚಾಯಿತೆಂದು ಅರ್ಥ. ಮರುದಿನ ತೊಡೆಯ ಹಿಂಭಾಗ ನೊಂದರೆ ಸರಿ, ಸೊಂಟದ ಮೂಳೆಯ ಬಳಿ ನೊಂದರೆ ತಪ್ಪಿದ್ದೀರಿ. ಮೊದಲ ಎರಡು ವಾರ ಒಬ್ಬರು ಬಲ್ಲವರ ಕಣ್ಣೆದುರು ಮಾಡುವುದು ಒಳ್ಳೆಯದು. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಊಟಕ್ಕೂ ವ್ಯಾಯಾಮಕ್ಕೂ ಕೈಹಾಕಬೇಕು.

ಎರಡನೆಯ ಆಕ್ಷೇಪ ಮನೆಯೊಳಗಿನದು. "ಹೆಂಗಸು ತೂಕ ಎತ್ತಿದರೆ ಗಂಡಸಿನ ಮೈ ಬರುತ್ತದೆ. ಮೊದಲು ಸಣ್ಣಗಾಗಲಿ, ಆಮೇಲೆ ಬೇಕಾದರೆ ಎತ್ತಲಿ." ಮೈ ಕಟ್ಟಲು ಮೊದಲು ಬೇಕಾದದ್ದು ಹೆಚ್ಚಿನ ಊಟ. ಇಲ್ಲಿ ಊಟ ಕಡಿಮೆಯಾಗುತ್ತಿದೆ. ಗಂಡಸಿನ ಮೈಕಟ್ಟಿಗೆ ಕಾರಣವಾದ ಟೆಸ್ಟೊಸ್ಟಿರಾನ್ ಹೆಂಗಸಿನಲ್ಲಿ ಹತ್ತನೆಯ ಒಂದು ಪಾಲೂ ಇರುವುದಿಲ್ಲ. ತೂಕ ಎತ್ತುವುದನ್ನೇ ವೃತ್ತಿ ಮಾಡಿಕೊಂಡವರು ವರ್ಷಗಟ್ಟಲೆ ದುಡಿದು, ಅಳೆದು ತಿಂದು ಪಡೆಯುವ ಮೈ ವಾರಕ್ಕೆ 70 ನಿಮಿಷದಲ್ಲಿ ತಾನಾಗಿ ಬಂದುಬಿಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಇದೇ ಹಿರಿಯರು ಸೊಸೆ 14 ಕಿಲೊ ಗ್ಯಾಸ್ ಒಳಗಿರುವ, ಒಟ್ಟು ಮೂವತ್ತು ಕಿಲೊ ಮುಟ್ಟುವ ಸಿಲಿಂಡರನ್ನು ಅಡುಗೆಮನೆಯಲ್ಲಿ ಎಳೆದಾಡುವಾಗ ಅವಳ ಮೈಕಟ್ಟಿನ ಚಿಂತೆ ಮಾಡಿದ್ದನ್ನು ನಾನು ಕಂಡಿಲ್ಲ. "ಮೊದಲು ಸಣ್ಣಗಾಗಲಿ" ಎಂಬುದಂತೂ ತಲೆಕೆಳಗಾದ ಕ್ರಮ. ಮಾಂಸಖಂಡ ಕರಗುವುದು ಸಣ್ಣಗಾಗುವ ಆ ತಿಂಗಳುಗಳಲ್ಲೇ. ಅದು ಹೋದ ಮೇಲೆ ಡಂಬೆಲ್ ಹಿಡಿದರೆ ಉಳಿಸಿಕೊಳ್ಳಬಹುದಾಗಿದ್ದನ್ನು ಮತ್ತೆ ಸಂಪಾದಿಸುತ್ತ ಕೂರಬೇಕು.

ಮೂರನೆಯದು ನಡಿಗೆಯ ಮೇಲಿನ ತಾತ್ಸಾರ. "ನಡೆಯುವುದೂ ಒಂದು ವ್ಯಾಯಾಮವೇ? ಅರ್ಧ ಗಂಟೆ ನಡೆದು ಒಂದು ಇಡ್ಲಿ ತಿಂದರೆ ಮುಗಿಯಿತು." ಲೆಕ್ಕ ನಾನೇ ಹಾಕಿ ಕೊಡುತ್ತೇನೆ. ಸಮತಟ್ಟಾದ ದಾರಿಯಲ್ಲಿ ಒಂದು ಕಿಲೊಮೀಟರ್ ನಡೆಯಲು, ಸುಮ್ಮನೆ ಕೂತಿದ್ದರೆ ಆಗುತ್ತಿದ್ದ ಖರ್ಚನ್ನು ಕಳೆದ ಮೇಲೆ, ದೇಹತೂಕದ ಪ್ರತಿ ಕಿಲೊಗೆ ಅರ್ಧ ಕ್ಯಾಲೊರಿಯಷ್ಟು ಬೇಕು. 3,000 ಹೆಜ್ಜೆಯಿಂದ 7,500ಕ್ಕೆ ಏರಿದರೆ ಹೆಚ್ಚುವರಿ ದೂರ ಸುಮಾರು ಮೂರು ಕಿಲೊಮೀಟರ್. 72 ಕಿಲೊ ತೂಕಕ್ಕೆ ಅದು 105ರಿಂದ 110 ಕ್ಯಾಲೊರಿ. ಒಂದು ದಿನಕ್ಕೆ ಚಿಕ್ಕದೇ. ತಿಂಗಳಿಗೆ ಅದು 3,200. ಒಂದು ಕಿಲೊ ಬೊಜ್ಜಿಗೆ ಸುಮಾರು 7,700 ಕ್ಯಾಲೊರಿ ಎಂದು ಹಿಡಿದರೆ, ಉಸಿರು ಏರದೆ, ಬಟ್ಟೆ ಬದಲಿಸದೆ ತಿಂಗಳಿಗೆ 400 ಗ್ರಾಂ. ಇಡ್ಲಿಯ ಉದಾಹರಣೆ ಕೊಡುವವರು ಒಂದು ದಿನದ ನಡಿಗೆಯನ್ನು ಹಿಡಿದು ತಿಂಗಳ ನಡಿಗೆಯನ್ನು ಬಿಟ್ಟುಬಿಡುತ್ತಾರೆ. ಟ್ರೆಡ್‌ಮಿಲ್ಲಿಗೆ ಬಂದರೆ ಅದೇ ಜನ ತಿಂಗಳ ಲೆಕ್ಕ ಹೇಳುತ್ತಾರೆ. ಅಳತೆಗೋಲು ಎರಡಕ್ಕೂ ಒಂದೇ ಇರಲಿ.

ಇದರ ಹಿಂದೆ ಇನ್ನೊಂದು ಸಂಗತಿಯಿದೆ, ಅದು ನಮ್ಮ ದೇಶದ್ದೇ. ಪೋಷಣೆಯ ವಿಜ್ಞಾನಿ ಜೀನ್ ಮೇಯರ್ ಮತ್ತು ಅವರ ಸಂಗಡಿಗರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರಲ್ಲಿ ಇನ್ನೂರಕ್ಕೂ ಹೆಚ್ಚು ಗಂಡಸರ ಊಟ, ತೂಕ, ಕೆಲಸ ಮೂರನ್ನೂ ಹೋಲಿಸಿ 1956ರಲ್ಲಿ ಪ್ರಕಟಿಸಿದರು. ಕೆಲಸ ಹೆಚ್ಚಿದಂತೆ ಊಟ ಹೆಚ್ಚುವುದು ಸಹಜ, ಹೆಚ್ಚೂಕಡಿಮೆ ಹಾಗೇ ಇತ್ತು. ಆದರೆ ತೀರ ಕೂತೇ ಇರುವವರ ಕಡೆಗೆ ಬಂದಾಗ ಗೆರೆ ತಿರುಗಿತು. ಅಂಗಡಿಯಲ್ಲಿ ಕೂರುವವರು, ಮೇಲ್ವಿಚಾರಕರು ಹಗುರ ಕೆಲಸದವರಿಗಿಂತ ಹೆಚ್ಚು ತಿನ್ನುತ್ತಿದ್ದರು, ತೂಕವೂ ಅವರದೇ ಹೆಚ್ಚು. ಒಂದು ಕಾಲದ ಚಿತ್ರ ಅದು. ಕೂತಿದ್ದೇ ಕಾರಣ ಎಂದು ಅದರಿಂದ ಸಾಧಿಸಲಾಗದು. ಅವರ ಆದಾಯ, ಅವರ ಊಟದ ಅಭ್ಯಾಸವೂ ಬೇರೆ. ಆದರೂ ಅದು ಒಂದು ಮಾತನ್ನು ಬಲವಾಗಿ ಸೂಚಿಸುತ್ತದೆ: ಕೂತವನ ಹಸಿವು ಅವನ ಖರ್ಚಿಗೆ ತಕ್ಕಂತೆ ಇಳಿಯುವುದಿಲ್ಲ. ತುಸು ನಡೆದಾಡಿದರೆ ಹಸಿವು ಮತ್ತೆ ಲೆಕ್ಕಕ್ಕೆ ಬರುತ್ತದೆ. ಒಂದು ಗಂಟೆ ಓಡಿ ಬಂದವರು ರಾತ್ರಿ ಎರಡು ಚಪಾತಿ ಹೆಚ್ಚು ತಿಂದು, ಮರುದಿನವೆಲ್ಲ ಸುಸ್ತಾಗಿ ಕೂರುವುದು ಹೊಸ ಸಂಗತಿಯಲ್ಲ. ಹತ್ತು ಹತ್ತು ನಿಮಿಷದ ನಡಿಗೆಗೆ ಆ ದಂಡ ಸಾಮಾನ್ಯವಾಗಿ ಇರುವುದಿಲ್ಲ.

ನಡಿಗೆಯನ್ನು ತಳ್ಳಿಹಾಕಲು ಎದುರು ದಿಕ್ಕಿನಿಂದಲೂ ಒಬ್ಬರು ಬರುತ್ತಾರೆ. "ಹತ್ತು ಸಾವಿರ ಹೆಜ್ಜೆ ಆಗದಿದ್ದರೆ ಪ್ರಯೋಜನವಿಲ್ಲ." ಈ ಹತ್ತು ಸಾವಿರ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ. 1965ರ ಹೊತ್ತಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಪ್ರಚಾರಕ್ಕೆ ಬಂದ ಸುಲಭದ ಅಂಕಿ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಇಳಿದದ್ದು ಕಂಡಿತು, 7,500ರ ಸುತ್ತ ಆ ಲಾಭ ಹೆಚ್ಚುವುದು ನಿಂತಿತು. ಬೊಜ್ಜಿನ ಲೆಕ್ಕದಲ್ಲಿ ಹೆಜ್ಜೆ ಹೆಚ್ಚಿದಷ್ಟೂ ಒಳ್ಳೆಯದೇ, ಒಪ್ಪುತ್ತೇನೆ. ಆದರೆ 3,000ದಲ್ಲಿರುವವರಿಗೆ ಹತ್ತು ಸಾವಿರ ಹೇಳಿದರೆ ಅವರು ಬುಧವಾರಕ್ಕೆ ಕೈಬಿಡುತ್ತಾರೆ.

7,500 ಹೇಗೆ ಕೂಡುತ್ತದೆ ಎಂದು ಆ ಕೆಂಗೇರಿಯ ದಿನದಲ್ಲೇ ನೋಡಿ. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸುವುದು ಹೇಗೂ ಇದೆ. ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹಿಡಿಯಬೇಕು, ಜಯನಗರದ ಬದಲು ಒಂದು ನಿಲ್ದಾಣ ಮೊದಲೇ, ಸೌತ್ ಎಂಡ್ ಸರ್ಕಲ್‌ನಲ್ಲಿ ಇಳಿದು ಮರಗಳ ನೆರಳಲ್ಲಿ ನಡೆಯಬೇಕು. ಹನ್ನೆರಡು ನಿಮಿಷ. ಡಬ್ಬಿ ಊಟ ಮುಗಿದ ಮೇಲೆ ಕೂರದೆ ಹತ್ತು ನಿಮಿಷ ಕಟ್ಟಡದ ಸುತ್ತ. ಕಕ್ಷಿದಾರರ ಜೊತೆ ಫೋನಿನಲ್ಲಿ ಮಾತಾಡುವ ಹನ್ನೆರಡು ನಿಮಿಷ ಕಾರಿಡಾರಿನಲ್ಲಿ ಓಡಾಟ. ರಾತ್ರಿ ಊಟದ ಬಳಿಕ ಮಹಡಿಯ ಮೇಲೆ ಹತ್ತು. ಒಟ್ಟು 44 ನಿಮಿಷ, ನಿಮಿಷಕ್ಕೆ ನೂರು ಹೆಜ್ಜೆಯಂತೆ 4,400. ಇದರಲ್ಲಿ ಹೊಸದಾಗಿ ಹೊಂದಿಸಿಕೊಳ್ಳಬೇಕಾದ ಸಮಯ ಕಾಲು ಗಂಟೆಯೂ ಇಲ್ಲ, ಉಳಿದದ್ದು ಈಗಾಗಲೇ ಕಳೆಯುತ್ತಿರುವ ಹೊತ್ತೇ. ಊಟವಾದ ಕೂಡಲೇ ನಡೆದರೆ ರಕ್ತದ ಸಕ್ಕರೆ ಏರುವುದೂ ತಗ್ಗುತ್ತದೆ. ಮಳೆಗಾಲದಲ್ಲಿ ಫುಟ್‌ಪಾತ್ ಕೆರೆಯಾದ ದಿನ ಆ ಹನ್ನೆರಡು ನಿಮಿಷ ತಪ್ಪುತ್ತದೆ, ನಿಜ. ಕಚೇರಿಯ ಮೆಟ್ಟಿಲುಗಳಿವೆ.

ನಾಲ್ಕನೆಯ ಆಕ್ಷೇಪವೇ ನನ್ನನ್ನು ಹೆಚ್ಚು ಕೆರಳಿಸುವುದು. "ಸಮಯ ಇಲ್ಲ ಅನ್ನುವುದು ನೆಪ. ಬೆಳಿಗ್ಗೆ ನಾಲ್ಕೂವರೆಗೆ ಎದ್ದರೆ ಒಂದು ಗಂಟೆ ಸಿಗುತ್ತದೆ." ಎಲ್ಲಿಂದ ಸಿಗುತ್ತದೆ ಎಂದು ಮಾತ್ರ ಹೇಳುವುದಿಲ್ಲ. ರಾತ್ರಿ ಪಾತ್ರೆ ತೊಳೆದು, ಮಗುವಿನ ಹೋಂವರ್ಕ್ ನೋಡಿ, ಹನ್ನೊಂದಕ್ಕೆ ಮಲಗುವವಳು ನಾಲ್ಕೂವರೆಗೆ ಎದ್ದರೆ ನಿದ್ದೆ ಐದೂವರೆ ಗಂಟೆ. ಆ ಐದೂವರೆ ಗಂಟೆಯ ಮೇಲೆಯೇ ಒಂದು ಪ್ರಯೋಗ ನಡೆದು 2010ರಲ್ಲಿ ಪ್ರಕಟವಾಗಿದೆ. ಹತ್ತು ಜನಕ್ಕೆ ಕಡಿಮೆ ಊಟ ಕೊಟ್ಟು, ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಿಸಿದರು. ಎರಡೂ ಸಲ ಇಳಿದ ತೂಕ ಸುಮಾರು ಮೂರು ಕಿಲೊ. ಹೆಚ್ಚು ಮಲಗಿದಾಗ ಅದರಲ್ಲಿ ಕೊಬ್ಬು 1.4 ಕಿಲೊ, ಕಡಿಮೆ ಮಲಗಿದಾಗ 0.6 ಕಿಲೊ. ಹತ್ತೇ ಜನರ ಸಣ್ಣ ಪ್ರಯೋಗ, ಅದನ್ನು ಅಂತಿಮ ತೀರ್ಪೆಂದು ನಾನು ಹೇಳುವುದಿಲ್ಲ. ಆದರೆ ನಾಲ್ಕೂವರೆಯ ಪರವಾಗಿ ಅವರ ಬಳಿ ಇಷ್ಟೂ ಇಲ್ಲ. ಬೊಜ್ಜು ಕರಗಿಸಲೆಂದೇ ನಿದ್ದೆ ಬಿಟ್ಟು, ಅದರಿಂದಲೇ ಬೊಜ್ಜಿನ ಬದಲು ಮಾಂಸಖಂಡ ಕಳೆದುಕೊಳ್ಳುವ ಸಲಹೆಯನ್ನು ಶಿಸ್ತು ಎಂದು ಕರೆಯುತ್ತಿದ್ದಾರೆ.

ಅವರ "ಒಂದು ಗಂಟೆ"ಯೂ ಒಂದು ಗಂಟೆಯಲ್ಲ. ಜಿಮ್ಮಿಗೆ ಹೋಗಲು ಕಾಲು ಗಂಟೆ, ಬರಲು ಕಾಲು ಗಂಟೆ, ಬಟ್ಟೆ ಬದಲಿಸಲು, ಸ್ನಾನಕ್ಕೆ, ತಲೆ ಒಣಗಿಸಲು ಇನ್ನೊಂದು ಅರ್ಧ. ಐದು ದಿನಕ್ಕೆ ಹತ್ತು ಗಂಟೆ. ಆ ಹತ್ತು ಗಂಟೆ ಮಾರ್ಚ್ ತಿಂಗಳ ಕೊನೆಯಲ್ಲಿ ಲೆಕ್ಕಪತ್ರದವರ ಬಳಿ ಇರುವುದಿಲ್ಲ. ಇಲ್ಲದ ದಿನ ಇಡೀ ಕ್ರಮವೇ ಬೀಳುತ್ತದೆ. ನನ್ನ ಕ್ರಮದಲ್ಲಿ ಅಂಥ ವಾರಕ್ಕೂ ಜಾಗವಿದೆ. ಭಾನುವಾರ ಒಂದೇ ಸಲ ಎತ್ತಿ, ಅದೇ ತೂಕ ಅಷ್ಟೇ ಸಲ ಬಂದರೆ ಸಾಕು. ಬೆಳೆಸಲು ಬೇಕಾದಷ್ಟು ದುಡಿಮೆ ಉಳಿಸಿಕೊಳ್ಳಲು ಬೇಕಿಲ್ಲ, ತೂಕ ಮಾತ್ರ ಇಳಿಸಬಾರದು.

ಹೊಟ್ಟೆಯ ವ್ಯಾಯಾಮದವರಿಗೆ ಹೆಚ್ಚು ಮಾತು ಬೇಡ. "ಹೊಟ್ಟೆ ಕರಗಬೇಕಾದರೆ ಹೊಟ್ಟೆಗೇ ವ್ಯಾಯಾಮ ಕೊಡಿ, ದಿನಾ ನೂರು ಕ್ರಂಚ್." ಟೆನಿಸ್ ಆಟಗಾರರ ತೋಳುಗಳನ್ನು ಅಳೆದ ಅಧ್ಯಯನ 1971ರಲ್ಲೇ ಬಂದಿದೆ. ವರ್ಷಗಟ್ಟಲೆ ರ್ಯಾಕೆಟ್ ಬೀಸಿದ ಕೈಯ ಮಾಂಸಖಂಡ ದಪ್ಪವಾಗಿತ್ತು. ಚರ್ಮದಡಿಯ ಕೊಬ್ಬು ಎರಡೂ ಕೈಯಲ್ಲಿ ಸಮನಾಗಿತ್ತು. ಅಷ್ಟು ದುಡಿದ ತೋಳಿನಲ್ಲೇ ಆಗದ್ದು ನೂರು ಕ್ರಂಚ್‌ನಿಂದ ಹೊಟ್ಟೆಯಲ್ಲಿ ಆಗುವುದಿಲ್ಲ.

ಐದನೆಯ ಪಕ್ಷ ಊಟದವರದು, ಇವರ ವಾದವೇ ಎಲ್ಲಕ್ಕಿಂತ ಗಟ್ಟಿ. "ಕೊರತೆಯಲ್ಲಿ ಹೆಚ್ಚಿನ ಪಾಲು ಊಟದಿಂದಲೇ ಬರುವುದಾದರೆ ವ್ಯಾಯಾಮ ಯಾಕೆ? ಅರ್ಧ ಊಟ ಬಿಡಿ, ಬೇಗ ಇಳಿಯುತ್ತದೆ." ಮೊದಲ ಭಾಗವನ್ನು ಪೂರ್ತಿ ಒಪ್ಪುತ್ತೇನೆ. ನಮ್ಮ ಉದಾಹರಣೆಯ ಹೆಂಗಸಿಗೆ ಈಗ ದಿನಕ್ಕೆ ಖರ್ಚಾಗುವುದು ಸುಮಾರು 1,750 ಕ್ಯಾಲೊರಿ. ಊಟದಿಂದ 300, ನಡಿಗೆಯಿಂದ 105, ತೂಕ ಎತ್ತುವುದರಿಂದ ದಿನದ ಲೆಕ್ಕಕ್ಕೆ 30. ಕೂಡಿಸಿದರೆ 435, ವಾರಕ್ಕೆ 400 ಗ್ರಾಂ ಬೊಜ್ಜು. ಮೂರರಲ್ಲಿ ಎರಡು ಪಾಲು ಊಟದ್ದೇ. ಆದರೆ ನಡಿಗೆ, ಡಂಬೆಲ್ ಎರಡನ್ನೂ ಬಿಟ್ಟು ಅಷ್ಟೇ ಕೊರತೆ ಬೇಕೆಂದರೆ 1,300ಕ್ಕೆ ಇಳಿಯಬೇಕು. ಅದು ಅವಳ ದೇಹ ಸುಮ್ಮನೆ ಮಲಗಿದ್ದರೂ ಬೇಡುವಷ್ಟು. ಅಷ್ಟರಲ್ಲಿ ಬೇಕಾದ ಪ್ರೊಟೀನ್ ಹೊಂದಿಸುವುದು ಸಸ್ಯಾಹಾರಿ ಅಡುಗೆಮನೆಯಲ್ಲಿ ತೀರ ಕಷ್ಟ. ಜೊತೆಗೆ ಬೇಗ ಇಳಿದದ್ದರಲ್ಲಿ ಮಾಂಸಖಂಡ ಎಷ್ಟು ಎಂಬ ಪ್ರಶ್ನೆಗೆ ಈ ಪಕ್ಷದವರು ಇವತ್ತಿಗೂ ಉತ್ತರ ಕೊಟ್ಟಿಲ್ಲ. ತಕ್ಕಡಿ ಇಳಿಯಿತಲ್ಲ ಎಂದು ಮಾತು ತಿರುಗಿಸುತ್ತಾರೆ.

300 ಕ್ಯಾಲೊರಿ ಬಿಡಲು ಅರ್ಧ ಊಟ ಬಿಡಬೇಕಿಲ್ಲ. ಎರಡು ಲೋಟ ಚಹಾದ ಎರಡೆರಡು ಚಮಚ ಸಕ್ಕರೆ, 80. ದಿನದ ಒಗ್ಗರಣೆ-ಪಲ್ಯದಲ್ಲಿ ತನ್ನ ಪಾಲಿಗೆ ಬರುವ ಎಣ್ಣೆಯಲ್ಲಿ ಒಂದು ದೊಡ್ಡ ಚಮಚ, 120. ರಾತ್ರಿ ಎರಡನೆಯ ಸಲ ಬಡಿಸಿಕೊಳ್ಳುವ ನೂರು ಗ್ರಾಂ ಅನ್ನ, 130. ಇಷ್ಟಕ್ಕೇ 330. ಉಳಿದ ಊಟದಲ್ಲಿ ಪ್ರೊಟೀನ್ ಸಾಕಷ್ಟಿರಬೇಕು, ದೇಹತೂಕದ ಕಿಲೊಗೆ 1.2 ಗ್ರಾಂ ಎಂದರೂ 85ರ ಹತ್ತಿರ. ಎರಡು ಮೊಟ್ಟೆಯಲ್ಲಿ 12, ಒಣ ತೂಕದ 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15, ಬೇಳೆ-ಕಾಳು 60 ಗ್ರಾಂನಲ್ಲಿ 14, ಹಾಲು ಮೊಸರಿನಲ್ಲಿ 15, ಪನೀರ್ 50 ಗ್ರಾಂನಲ್ಲಿ 9, ಮುದ್ದೆ-ಚಪಾತಿ-ಅನ್ನದಲ್ಲಿ 20. ಮೊಟ್ಟೆ ತಿನ್ನದವರು ಪನೀರನ್ನೋ ಸೋಯಾವನ್ನೋ ಅಷ್ಟು ಹೆಚ್ಚಿಸಿಕೊಳ್ಳಲಿ. ಸಾರಿನಲ್ಲಿ ಬೇಳೆ ಇದೆ ಎಂದು ಸಮಾಧಾನ ಮಾಡಿಕೊಳ್ಳುವವರು ತಿಳಿಸಾರು ಬಡಿಸಿಕೊಳ್ಳುವಾಗ ಸೌಟಿನ ತಳದಲ್ಲಿ ಏನು ಬಂತೆಂದು ಒಮ್ಮೆ ನೋಡಬೇಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು.

ಕೊನೆಯ ಆಕ್ಷೇಪ ಎಲ್ಲ ಪಕ್ಷದವರೂ ಒಂದಾಗಿ ಹೇಳುವುದು. "ಮೂರು ವಾರವಾಯಿತು, ತೂಕ ಇಳಿದಿಲ್ಲ, ಒಂದು ಕಿಲೊ ಏರಿದೆ. ಈ ಕ್ರಮ ಕೆಲಸ ಮಾಡುವುದಿಲ್ಲ." ಹೊಸದಾಗಿ ತೂಕ ಎತ್ತಲು ಶುರು ಮಾಡಿದವರ ಮಾಂಸಖಂಡ ನೀರು ಹಿಡಿಯುತ್ತದೆ, ಮೊದಲ ವಾರಗಳಲ್ಲಿ ತಕ್ಕಡಿ ಅದನ್ನೂ ತೂಗುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ಇನ್ನೂ ಹೆಚ್ಚು. ಮದುವೆ ಮನೆಯ ಉಪ್ಪಿನಕಾಯಿ-ಹಪ್ಪಳದ ಮರುದಿನವೂ ಹಾಗೆಯೇ. ವಾರಕ್ಕೆ 400 ಗ್ರಾಂ ಇಳಿಯಬೇಕಾದ ಕಡೆ ಎರಡು ಕಿಲೊ ನೀರು ಹತ್ತಿಳಿಯುತ್ತಿದ್ದರೆ ಒಂದು ಬೆಳಗಿನ ಅಂಕಿಯಿಂದ ಏನೂ ತಿಳಿಯದು. ಮೂರು ವಾರದ ಅಂಕಿ ಹಿಡಿದು ಮೂರು ತಿಂಗಳ ಕ್ರಮಕ್ಕೆ ತೀರ್ಪು ಕೊಡುವವರು ತಾವು ಅಳೆಯುತ್ತಿರುವುದು ಏನನ್ನು ಎಂದು ಮೊದಲು ಹೇಳಲಿ.

ಅಳೆಯುವ ಕ್ರಮ ಹೀಗೆ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಕ. ವಾರದ ನಾಲ್ಕೈದು ದಿನದ ಸರಾಸರಿ. ಈ ತಿಂಗಳ ಮುಟ್ಟಿನ ನಂತರದ ವಾರವನ್ನು ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಬೇಕು. ಎರಡು ವಾರಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಟೇಪು, ಉಸಿರು ಬಿಟ್ಟ ಮೇಲೆ, ಹೊಟ್ಟೆ ಎಳೆದುಕೊಳ್ಳದೆ. ಮೂರನೆಯದು ಆ ನೋಟ್‌ಪುಸ್ತಕ. ಸುತ್ತಳತೆ ಇಳಿಯುತ್ತಿದ್ದು ಬಸ್ಕಿಯ ತೂಕ ನಿಂತಿದ್ದರೆ ಅಥವಾ ಏರುತ್ತಿದ್ದರೆ, ತಕ್ಕಡಿ ಏನೇ ಹೇಳಲಿ, ಕರಗುತ್ತಿರುವುದು ಬೊಜ್ಜು. ತೂಕ ಭರದಿಂದ ಇಳಿದು, ಎರಡು ವಾರ ಸತತ ಡಂಬೆಲ್ ಎತ್ತುವ ಸಲವೂ ಇಳಿದರೆ ಊಟ ತೀರ ಕಡಿಮೆಯಾಗಿದೆ ಅಥವಾ ನಿದ್ದೆ ಸಾಲುತ್ತಿಲ್ಲ. ನಾಲ್ಕು ವಾರ ಸರಾಸರಿಯೂ ಟೇಪೂ ಎರಡೂ ಕದಲದಿದ್ದರೆ ಕೊರತೆಯೇ ಇಲ್ಲ. ಆಗ ಹುಡುಕಬೇಕಾದದ್ದು ಅಡುಗೆಮನೆಯಲ್ಲಿ, ಅದರಲ್ಲೂ ಎಣ್ಣೆಯ ಕ್ಯಾನು ತಿಂಗಳಿಗೆ ಎಷ್ಟು ಖಾಲಿಯಾಗುತ್ತಿದೆ, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು ಯಾರ ಬಾಯಿಗೆ ಹೋಗುತ್ತಿದೆ ಎಂಬಲ್ಲಿ. ನಾಲ್ಕು ಕಿಲೊ ಇಳಿದ ಮೇಲೆ ಹಗುರಾದ ದೇಹ ಅದೇ ನಡಿಗೆಗೆ ಕಡಿಮೆ ಖರ್ಚು ಮಾಡುತ್ತದೆ, ಇಳಿಕೆ ನಿಧಾನವಾಗುತ್ತದೆ. ಆಗ ಊಟವನ್ನು ಮತ್ತೆ ಕಡಿಯುವ ಮೊದಲು ಸಾವಿರ ಹೆಜ್ಜೆ ಸೇರಿಸಿ ಮೂರು ವಾರ ಕಾಯಬೇಕು.